ನಾಲ್ಕು ಜನ, ತೊಂಬತ್ತು ದಿನ

ಯಾವುದೇ ಗಾರ್ಮೆಂಟ್ಸ್ ಕಾರ್ಖಾನೆಯ ಗೇಟು ದಾಟಿದರೆ ಹಾಜರಿ ಯಂತ್ರದ ಅಕ್ಕಪಕ್ಕ ಒಂದು ನೋಟಿಸ್ ಬೋರ್ಡ್ ಕಾಣುತ್ತದೆ. ಕನಿಷ್ಠ ಕೂಲಿ, ಹಬ್ಬದ ರಜೆಗಳ ಪಟ್ಟಿಯ ನಡುವೆ ‘ಆಂತರಿಕ ಸಮಿತಿ’ ಎಂಬ ತಲೆಬರಹದ ಒಂದು ಹಾಳೆಯೂ ಇರಬೇಕು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳವಾದರೆ ದೂರು ಕೊಡಬೇಕಾದವರ ಹೆಸರುಗಳು ಅದರಲ್ಲಿರುತ್ತವೆ. ನಿಂತು ಓದಿದರೆ ಆ ಒಂದು ಹಾಳೆಯಿಂದಲೇ ಸಮಿತಿಯ ಆರೋಗ್ಯ ತಿಳಿಯುತ್ತದೆ. ಆದೇಶದ ತಾರೀಖಿಗೆ ಮೂರು ವರ್ಷ ದಾಟಿದ್ದರೆ ಸಮಿತಿಯ ಅವಧಿ ಮುಗಿದಿದೆ. ಹೆಸರಿರುವವರಲ್ಲಿ ಇಬ್ಬರು ಕೆಲಸ ಬಿಟ್ಟು ಹೋಗಿದ್ದರೆ ಅದು ಬರೀ ಕಾಗದದ ಸಮಿತಿ. ಹೊರಗಿನ ಸದಸ್ಯರು ಎಂದು ಬರೆದಿರುವವರು ಕಂಪನಿಯ ಕೇಸು ನಡೆಸುವ ವಕೀಲರೇ ಆಗಿದ್ದರೆ, ಆ ‘ಹೊರಗಿನ’ ಎಂಬುದಕ್ಕೆ ಬೆಲೆಯಿಲ್ಲ.

ಈ ಹಾಳೆಯ ಹಿಂದೆ ರಾಜಸ್ಥಾನದ ಒಬ್ಬ ಹೆಣ್ಣುಮಗಳ ಕಥೆಯಿದೆ. ಸರ್ಕಾರಿ ಯೋಜನೆಯೊಂದರಲ್ಲಿ ‘ಸಾಥಿನ್’ ಆಗಿದ್ದ ಭಂವರಿ ದೇವಿ ಬಾಲ್ಯವಿವಾಹ ತಡೆಯಲು ಹೋದರು. ಅದರ ಸೇಡಿಗೆ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಕೆಲಸ ಮಾಡಿದ್ದಕ್ಕೇ ಬಂದ ಆಪತ್ತು ಇದು, ಆದರೆ ಕೆಲಸ ಕೊಟ್ಟವರಿಗೆ ಯಾವ ಹೊಣೆಯೂ ಇರಲಿಲ್ಲ. ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರ ಆಗಸ್ಟ್ 13ರಂದು ಬಂದ ‘ವಿಶಾಖಾ’ ತೀರ್ಪು ಪ್ರತಿ ಉದ್ಯೋಗದಾತನೂ ದೂರು ಸಮಿತಿ ರಚಿಸಬೇಕು ಎಂದಿತು. ಅದು ಕಾಯ್ದೆಯಾಗಲು ಮತ್ತೆ 16 ವರ್ಷ ಹಿಡಿಯಿತು. 2013ರ ಡಿಸೆಂಬರ್ 9ರಂದು ಜಾರಿಗೆ ಬಂದ ಕಾಯ್ದೆಯನ್ನೇ ಕಚೇರಿಗಳಲ್ಲಿ ‘ಪಾಶ್’ ಎಂದು ಕರೆಯುತ್ತಾರೆ.

ಸಮಿತಿ ರಚನೆಯ ಲೆಕ್ಕ ಸರಳವಾಗಿದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಮಾಲೀಕ ಲಿಖಿತ ಆದೇಶದ ಮೂಲಕ ಸಮಿತಿ ನೇಮಿಸಬೇಕು. ಅಧ್ಯಕ್ಷ ಸ್ಥಾನದಲ್ಲಿ ಅಲ್ಲೇ ಕೆಲಸ ಮಾಡುವ ಹಿರಿಯ ಹುದ್ದೆಯ ಮಹಿಳೆ ಇರಬೇಕು. ಅಂಥವರು ಸಿಗದಿದ್ದರೆ ಅದೇ ಸಂಸ್ಥೆಯ ಬೇರೆ ಶಾಖೆಯಿಂದ ಕರೆಸಬೇಕು. ನೌಕರರಲ್ಲಿ ಕನಿಷ್ಠ ಇಬ್ಬರು, ಮಹಿಳೆಯರ ಪರ ಕೆಲಸ ಮಾಡುವ ಸಂಸ್ಥೆಯಿಂದ ಅಥವಾ ಈ ವಿಷಯ ಬಲ್ಲವರಿಂದ ಒಬ್ಬರು. ಅಲ್ಲಿಗೆ ಕನಿಷ್ಠ ನಾಲ್ಕು ಜನ, ಅವರಲ್ಲಿ ಅರ್ಧದಷ್ಟಾದರೂ ಮಹಿಳೆಯರು. ಒಂದೇ ಕಂಪನಿಗೆ ಬೆಂಗಳೂರು, ಮೈಸೂರು, ಹಾಸನದಲ್ಲಿ ಘಟಕಗಳಿದ್ದರೆ ಪ್ರತಿ ಕಡೆಯೂ ಸಮಿತಿ ಬೇಕು. ಬೆಂಗಳೂರಿನ ಹೆಡ್ ಆಫೀಸಿನಲ್ಲಿ ಒಂದು ಸಮಿತಿ ಇಟ್ಟು ಹಾಸನದ ಟೈಲರ್‌ಗೆ ‘ಅಲ್ಲಿಗೆ ಹೋಗಿ ಹೇಳಿ’ ಅನ್ನುವಂತಿಲ್ಲ. ಸಮಿತಿಯನ್ನೇ ರಚಿಸದಿದ್ದರೆ 50,000 ರೂಪಾಯಿವರೆಗೆ ದಂಡ. ಎರಡನೇ ಸಲ ಅದೇ ತಪ್ಪು ಮಾಡಿದರೆ ದಂಡ ಇಮ್ಮಡಿ, ಲೈಸೆನ್ಸಿಗೂ ಕುತ್ತು.

ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿ, ಕ್ಲಿನಿಕ್, ಮನೆಗೆಲಸದವರು, ಇಲ್ಲವೇ ದೂರು ಮಾಲೀಕನ ಮೇಲೆಯೇ ಇದ್ದಾಗ ಜಿಲ್ಲಾ ಮಟ್ಟದ ‘ಸ್ಥಳೀಯ ಸಮಿತಿ’ಗೆ ಹೋಗಬೇಕು. ಮಾಲೀಕ ತಾನೇ ನೇಮಿಸಿದ ಸಮಿತಿ ತನ್ನನ್ನೇ ವಿಚಾರಣೆ ಮಾಡುವುದು ಸಾಧ್ಯವಿಲ್ಲವೆಂದು ಕಾಯ್ದೆಗೆ ಗೊತ್ತಿದೆ.

ನಾಲ್ಕು ಜನರಲ್ಲಿ ನನ್ನ ಪ್ರಕಾರ ಬಹಳ ಮುಖ್ಯವಾದವರು ಹೊರಗಿನ ಸದಸ್ಯರು. ಉಳಿದ ಮೂವರ ಸಂಬಳ, ಬಡ್ತಿ, ರಜೆ ಎಲ್ಲ ಅದೇ ಆಡಳಿತದ ಕೈಲಿರುತ್ತದೆ. ‘ಇದನ್ನು ಇಲ್ಲಿಗೇ ಬಿಟ್ಟರೆ ಒಳ್ಳೇದು ಮೇಡಂ’ ಎಂದು ಜನರಲ್ ಮ್ಯಾನೇಜರ್ ಕಾರಿಡಾರಿನಲ್ಲಿ ಅಂದದ್ದನ್ನು ಅಲಕ್ಷಿಸಲು ಅವರಿಗೆ ಕಷ್ಟ. ಹೊರಗಿನವರಿಗೆ ಆ ಹಂಗಿಲ್ಲ. ಈ ಸ್ಥಾನಕ್ಕೆ ಸಮಾಜ ಸೇವೆಯಲ್ಲಿ ಐದು ವರ್ಷವಾದರೂ ಅನುಭವವಿದ್ದು ಇಂಥ ವಾತಾವರಣ ಬದಲಾಯಿಸಲು ದುಡಿದವರು ಅಥವಾ ಕಾರ್ಮಿಕ, ಸೇವಾ, ಸಿವಿಲ್, ಕ್ರಿಮಿನಲ್ ಕಾನೂನು ಬಲ್ಲವರು ಬರಬಹುದು. ಅವರ ಭತ್ಯೆ ಮತ್ತು ಪ್ರಯಾಣದ ಖರ್ಚು ಮಾಲೀಕನದು. ನಿಯಮದಲ್ಲಿ ಬರೆದಿರುವ ಭತ್ಯೆ ದಿನಕ್ಕೆ 200 ರೂಪಾಯಿ. ಇವತ್ತಿನ ಕಾಲಕ್ಕೆ ಅದರಲ್ಲಿ ಊಟ ಕಾಫಿ ಮುಗಿಸಬಹುದು, ಅಷ್ಟೇ.

ಇನ್ನು ವಿಚಾರಣೆ ಹೇಗೆ ಸಾಗಬೇಕು ಎಂಬುದಕ್ಕೆ ಒಂದು ಕಲ್ಪಿತ ಪ್ರಕರಣ ಇಟ್ಟುಕೊಳ್ಳೋಣ. ಕಾರ್ಖಾನೆ, ಜನ, ತಾರೀಖು ಎಲ್ಲ ಉದಾಹರಣೆಗೆ ಮಾತ್ರ. ಗಾರ್ಮೆಂಟ್ಸ್ ಕಾರ್ಖಾನೆಯ ಒಬ್ಬ ಟೈಲರ್ ಮೇ 4ರ ಸೋಮವಾರ ಫ್ಲೋರ್ ಇನ್‌ಚಾರ್ಜ್ ಮೇಲೆ ದೂರು ಕೊಡುತ್ತಾರೆ. ದೂರಿನಲ್ಲಿ ಮೂರು ಸಂಗತಿಗಳಿವೆ. ನವೆಂಬರಿನಲ್ಲಿ ಲೈನಿನಲ್ಲಿ ನಿಂತು ಆಕೆಯ ಮೈಕಟ್ಟಿನ ಬಗ್ಗೆ ಅಸಹ್ಯವಾಗಿ ಮಾತಾಡಿದ. ಡಿಸೆಂಬರಿನಲ್ಲಿ ದಾರ ತರಲು ಸ್ಟೋರ್‌ಗೆ ಹೋದಾಗ ಸೊಂಟಕ್ಕೆ ಕೈ ಹಾಕಿದ. ಫೆಬ್ರವರಿ 20ರ ಸಂಜೆ, ಶಿಫ್ಟ್ ಮುಗಿದ ಮೇಲೆ ಡಿಸ್ಪ್ಯಾಚ್ ರೂಮಿಗೆ ಬಂದರೆ ಓಟಿ ಬರೆಯುತ್ತೇನೆ ಎಂದ. ಆಕೆ ಒಪ್ಪಲಿಲ್ಲ. ಮಾರನೇ ವಾರದಿಂದ ಓಟಿ ನಿಂತಿತು.

ಮೊದಲ ಪ್ರಶ್ನೆ ತಾರೀಖಿನದು. ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಬೇಕು. ಕಿರುಕುಳ ಸರಣಿಯಾಗಿ ನಡೆದಿದ್ದರೆ ಕೊನೆಯ ಘಟನೆಯಿಂದ ಎಣಿಕೆ. ಇಲ್ಲಿ ಕೊನೆಯದು ಫೆಬ್ರವರಿ 20, ಹಾಗಾಗಿ ಮೇ 20ರವರೆಗೂ ಅವಕಾಶವಿತ್ತು. ಸಕಾರಣವಿದ್ದರೆ ಆ ಕಾರಣವನ್ನು ಬರೆದಿಟ್ಟು ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಅದರಾಚೆಗೆ ಬಾಗಿಲು ಮುಚ್ಚುತ್ತದೆ, ಎಷ್ಟು ಬಿಗಿಯಾಗಿ ಎಂಬುದಕ್ಕೆ ಕೋಲ್ಕತ್ತದ ಕಾನೂನು ವಿಶ್ವವಿದ್ಯಾಲಯವೊಂದರ ಪ್ರಕರಣ ಸಾಕ್ಷಿ. ಕುಲಪತಿಯ ಮೇಲೆ ಅಧ್ಯಾಪಕಿ ಕೊಟ್ಟ ದೂರಿನಲ್ಲಿ ಕೊನೆಯ ಘಟನೆ 2023ರ ಏಪ್ರಿಲ್‌ನದು, ದೂರು ಬಂದದ್ದು ಡಿಸೆಂಬರಿನಲ್ಲಿ. ಆರು ತಿಂಗಳು ದಾಟಿತ್ತು. 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅವಧಿ ಮೀರಿದೆ ಎಂಬ ನಿರ್ಧಾರವನ್ನೇ ಎತ್ತಿಹಿಡಿಯಿತು, ಆದರೆ ಈ ತೀರ್ಪು ಕುಲಪತಿಯ ರೆಸ್ಯೂಮೆಯ ಭಾಗವಾಗಿರಬೇಕು ಎಂದೂ ಹೇಳಿತು. ಆರೋಪ ನಿಜವೋ ಸುಳ್ಳೋ ಎಂಬ ವಿಚಾರಣೆ ಮಾತ್ರ ನಡೆಯಲಿಲ್ಲ.

ನಮ್ಮ ಟೈಲರ್ ಕಾಂಟ್ರಾಕ್ಟರ್ ಕಡೆಯವರು ಎಂದಿಟ್ಟುಕೊಳ್ಳಿ. ‘ಅವರು ನಮ್ಮ ರೋಲ್‌ನಲ್ಲಿ ಇಲ್ಲ’ ಎಂದು ಎಚ್‌ಆರ್ ಕೈ ತೊಳೆದುಕೊಳ್ಳಲು ನೋಡುವುದು ಮಾಮೂಲು. ಆದರೆ ಕಾಯ್ದೆಯ ಲೆಕ್ಕದಲ್ಲಿ ಕಾಂಟ್ರಾಕ್ಟ್, ದಿನಗೂಲಿ, ಟ್ರೈನಿ, ಅಪ್ರೆಂಟಿಸ್ ಎಲ್ಲರೂ ಉದ್ಯೋಗಿಗಳೇ. ಬರೆಯಲು ಬಾರದಿದ್ದರೆ ದೂರು ಬರೆದುಕೊಳ್ಳಲು ಸಹಾಯ ಮಾಡುವುದು ಸಮಿತಿಯ ಕರ್ತವ್ಯ. ಆಕೆ ಹೇಳಿದ್ದನ್ನು ಆಕೆಯ ಮಾತಿನಲ್ಲೇ ಕನ್ನಡದಲ್ಲಿ ಬರೆದು, ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು. ಇದನ್ನು ಎಚ್‌ಆರ್ ಇಂಗ್ಲಿಷಿನಲ್ಲಿ ‘ಅನುಚಿತ ವರ್ತನೆ’ ಎಂದು ಎರಡು ಪದಕ್ಕೆ ಇಳಿಸಿಬಿಟ್ಟರೆ ಮುಂದಿನ ವಿಚಾರಣೆಗೆ ಬುಡವೇ ಇರುವುದಿಲ್ಲ. ಎಲ್ಲಿ, ಯಾವಾಗ, ಏನು ಮಾಡಿದ, ಯಾರಿದ್ದರು ಎಂಬುದು ದೂರಿನಲ್ಲೇ ಬರಬೇಕು.

ದೂರು ಬಂದ ದಿನವೇ ಅಧ್ಯಕ್ಷೆ ಮಾಡಬೇಕಾದ ಒಂದು ಕೆಲಸ ಯಾವ ನಿಯಮದಲ್ಲೂ ಬಿಡಿಸಿ ಬರೆದಿಲ್ಲ, ಆದರೆ ಅನುಭವಸ್ಥರು ಮರೆಯುವುದಿಲ್ಲ. ಸಿಸಿಟಿವಿ ದೃಶ್ಯ, ಓಟಿ ರಿಜಿಸ್ಟರ್, ಹಾಜರಿ, ಸ್ಟೋರ್ ಇಶ್ಯೂ ಪುಸ್ತಕ ಎಲ್ಲವನ್ನೂ ತೆಗೆದಿರಿಸಿ ಎಂದು ಆಡಳಿತಕ್ಕೆ ಪತ್ರ ಬರೆಯಬೇಕು. ಕ್ಯಾಮೆರಾದ ಡಿಸ್ಕ್ ತುಂಬಿದಂತೆ ಹಳೆಯ ದೃಶ್ಯದ ಮೇಲೆ ಹೊಸದು ಕೂರುತ್ತ ಹೋಗುತ್ತದೆ. ನಮ್ಮ ಪ್ರಕರಣದಲ್ಲಿ ಫೆಬ್ರವರಿಯ ದೃಶ್ಯ ಮೇ ಹೊತ್ತಿಗೆ ಅಳಿಸಿಹೋಗಿದೆ. ಓಟಿ ರಿಜಿಸ್ಟರ್ ಉಳಿದಿದೆ. ಸಾಕ್ಷ್ಯ ತರಿಸಿಕೊಳ್ಳಲು, ಜನರನ್ನು ಕರೆಸಲು ಸಮಿತಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಎಷ್ಟೋ ಸದಸ್ಯರಿಗೇ ಇದು ಗೊತ್ತಿಲ್ಲ.

ವಿಚಾರಣೆಗೆ ಮೊದಲು ರಾಜಿಗೆ ಅವಕಾಶವಿದೆ, ಆದರೆ ಅದನ್ನು ಆಕೆಯೇ ಕೇಳಬೇಕು. ಸಮಿತಿ ಬಾಯಿಬಿಟ್ಟು ‘ಹೋಗ್ಲಿ ಬಿಡಮ್ಮ, ಕ್ಷಮೆ ಕೇಳಿಸ್ತೀವಿ’ ಎಂದರೆ ಅದು ಒತ್ತಡ. ದುಡ್ಡಿನ ಮೇಲೆ ರಾಜಿ ಮಾಡುವಂತೆಯೇ ಇಲ್ಲ. ನಮ್ಮ ಟೈಲರ್ ರಾಜಿ ಕೇಳಲಿಲ್ಲ.

ದೂರಿನ ಪ್ರತಿ ಏಳು ಕೆಲಸದ ದಿನಗಳೊಳಗೆ ಎದುರುದಾರನ ಕೈ ಸೇರಬೇಕು. ಭಾನುವಾರ ಬಿಟ್ಟರೆ ಮೇ 12. ಅವನು ಉತ್ತರ ಕೊಡಲು ಹತ್ತು ಕೆಲಸದ ದಿನ, ಅಂದರೆ ಮೇ 23. ಉತ್ತರದ ಜೊತೆ ಅವನ ದಾಖಲೆ, ಅವನ ಸಾಕ್ಷಿಗಳ ಹೆಸರು ವಿಳಾಸ ಬರಬೇಕು. ಈ ನಡುವೆ ಆಕೆ ಅದೇ ಇನ್‌ಚಾರ್ಜ್ ಕೈಕೆಳಗೆ ದಿನವೂ ಟಾರ್ಗೆಟ್ ಮುಗಿಸಬೇಕಲ್ಲ? ಆಕೆ ಬರೆದು ಕೇಳಿದರೆ ಸಮಿತಿ ಮಧ್ಯಂತರ ಪರಿಹಾರ ಶಿಫಾರಸು ಮಾಡಬಹುದು. ಇಬ್ಬರಲ್ಲೊಬ್ಬರ ವರ್ಗಾವಣೆ, ಆಕೆಗೆ ಬೇರೆ ರಜೆಗಳನ್ನು ಮುಟ್ಟದೆ ಮೂರು ತಿಂಗಳವರೆಗೆ ಹೆಚ್ಚುವರಿ ರಜೆ, ಆಕೆಯ ಕೆಲಸದ ಮೌಲ್ಯಮಾಪನವನ್ನು ಅವನ ಕೈಯಿಂದ ತೆಗೆಯುವುದು. ರೂಢಿಯಲ್ಲಿ ಆಗುವುದು ಬೇರೆ. ‘ನಿಮ್ಮ ಒಳ್ಳೇದಕ್ಕೇ’ ಎಂದು ದೂರು ಕೊಟ್ಟವರನ್ನೇ ಎತ್ತಿ ದೂರದ ಯೂನಿಟ್‌ಗೆ ಹಾಕುತ್ತಾರೆ. ಬಸ್ಸಿನ ಖರ್ಚು, ಮಗುವನ್ನು ಶಾಲೆಯಿಂದ ಕರೆತರುವ ಹೊತ್ತು ಎಲ್ಲ ಏರುಪೇರಾಗುತ್ತದೆ. ಇನ್‌ಚಾರ್ಜನ್ನು ಬೇರೆ ಫ್ಲೋರಿಗೆ ಕಳಿಸಲು ಸಾಧ್ಯವಿದ್ದರೆ ಅದೇ ಸರಿಯಾದ ದಾರಿ.

ಇಲ್ಲಿ ಇನ್ನೊಂದು ತೊಡಕು ಬಂತೆನ್ನಿ. ಸಮಿತಿಯಲ್ಲಿರುವ ಸ್ಟೋರ್ಸ್‌ನವರು ಇನ್‌ಚಾರ್ಜ್ ಜೊತೆ ಒಂದೇ ರೂಮು ಮಾಡಿಕೊಂಡು ಇರುವವರು. ಅವರು ಅದನ್ನು ತಿಳಿಸಿ ಈ ಪ್ರಕರಣದಿಂದ ಹೊರಗಿರಬೇಕು. ಅಧ್ಯಕ್ಷೆಯೂ ಸೇರಿ ಮೂವರು ಕೂತರೆ ಕೋರಂ ಸಾಕು, ಹಾಗಾಗಿ ಕೆಲಸ ನಿಲ್ಲುವುದಿಲ್ಲ. ಈ ಮೂವರು ಎಲ್ಲ ಹಿಯರಿಂಗ್‌ಗಳಲ್ಲೂ ಅವರೇ ಇರಬೇಕು ಎಂಬುದು ನನ್ನ ಹಟ. ಸಾಕ್ಷಿ ಹೇಳಿದ್ದನ್ನು ಕೇಳದವರು ಅದನ್ನು ತೂಗುವುದು ಹೇಗೆ?

ವಿಚಾರಣೆಯ ಕೋಣೆ ಎಲ್ಲರಿಗೂ ಕಾಣುವ ಗಾಜಿನ ಕ್ಯಾಬಿನ್ ಆಗಬಾರದು. ವಕೀಲರಿಗೆ ಪ್ರವೇಶವಿಲ್ಲ, ಇಬ್ಬರ ಕಡೆಯವರಿಗೂ. ಆಕೆಯ ಹೇಳಿಕೆ, ಆಮೇಲೆ ಆಕೆಯ ಸಾಕ್ಷಿಗಳು, ನಂತರ ಅವನು ಮತ್ತು ಅವನ ಸಾಕ್ಷಿಗಳು. ಒಬ್ಬೊಬ್ಬರದನ್ನೂ ಬರೆದು, ಓದಿ ಹೇಳಿ, ಪುಟಪುಟಕ್ಕೂ ಸಹಿ. ಪಾಟೀಸವಾಲು ಬಂದಾಗ ಸಮಿತಿಗಳು ಎರಡು ರೀತಿ ಎಡವುತ್ತವೆ. ಒಂದು, ಆಕೆಗೆ ನೋವಾಗುತ್ತದೆಂದು ಪ್ರಶ್ನೆ ಕೇಳುವ ಅವಕಾಶವನ್ನೇ ಕೊಡದಿರುವುದು. ಇನ್ನೊಂದು, ಇಬ್ಬರನ್ನೂ ಎದುರುಬದುರು ಕೂರಿಸಿ ಜಗಳಕ್ಕೆ ಬಿಡುವುದು. ಅವನು ಪ್ರಶ್ನೆಗಳನ್ನು ಬರೆದು ಕೊಡಲಿ, ಸಮಿತಿ ಅವನ್ನು ನೋಡಿ ಆಕೆಗೆ ಕೇಳಲಿ, ಉತ್ತರವನ್ನು ಅವನಿಗೆ ತಿಳಿಸಲಿ. ಇದು ನಡೆದು ಬಂದಿರುವ ಒಳ್ಳೆಯ ದಾರಿ.

ನಮ್ಮ ಇನ್‌ಚಾರ್ಜ್ ಕೊಟ್ಟ ಪಟ್ಟಿಯಲ್ಲಿ ‘ಗಂಡನನ್ನು ಬಿಟ್ಟಿದ್ದೀರಂತೆ, ನಿಜವೇ?’ ಎಂಬ ಪ್ರಶ್ನೆಯಿದೆ. ಘಟನೆಗೂ ಅದಕ್ಕೂ ಸಂಬಂಧವಿಲ್ಲ. ಸಮಿತಿ ಅದನ್ನು ಹೊಡೆದುಹಾಕಿ, ಯಾಕೆ ಎಂದು ನಡವಳಿಯಲ್ಲಿ ಬರೆಯುತ್ತದೆ. ಇನ್ನೊಂದು ಪ್ರಶ್ನೆ: ‘ಫೆಬ್ರವರಿ 20ರಂದು ಆರು ಗಂಟೆಗೆ ನಾನು ಪ್ಯಾಕಿಂಗ್‌ನಲ್ಲಿದ್ದೆ, ಅಲ್ಲಿನ ರಿಜಿಸ್ಟರಿಗೆ ಸಹಿ ಮಾಡಿದ್ದೇನೆ. ನಾನು ನಿಮ್ಮ ಹತ್ತಿರ ಮಾತಾಡಿದ್ದು ಎಷ್ಟು ಹೊತ್ತಿಗೆ?’ ಇದನ್ನು ಕೇಳಲೇಬೇಕು, ಎಷ್ಟೇ ಇರಿಸುಮುರಿಸಾದರೂ. ‘ಬೆಲ್ ಹೊಡೆಯೋಕೆ ಮುಂಚೆ, ಐದೂವರೆ ಹತ್ತಿರ’ ಎಂದು ಆಕೆ ಹೇಳುತ್ತಾರೆ. ಪ್ಯಾಕಿಂಗ್ ರಿಜಿಸ್ಟರ್ ತರಿಸಿ ನೋಡಿದರೆ ಅವನ ಸಹಿ 5.50ಕ್ಕಿದೆ. ಪ್ರಶ್ನೆ ಅವನ ಪರವಾಗಿ ನಿಲ್ಲಲಿಲ್ಲ, ಆದರೆ ಕೇಳಿದ್ದರಿಂದ ವರದಿ ಗಟ್ಟಿಯಾಯಿತು.

ಕೇಳದೇ ಹೋದರೆ ಏನಾಗುತ್ತದೆ ಎಂಬುದಕ್ಕೆ ಗೋವಾ ವಿಶ್ವವಿದ್ಯಾಲಯದ ಪ್ರಕರಣ ನೋಡಬೇಕು. 2009ರಲ್ಲಿ ಒಬ್ಬ ವಿಭಾಗ ಮುಖ್ಯಸ್ಥರ ಮೇಲೆ ವಿದ್ಯಾರ್ಥಿನಿಯರ ದೂರುಗಳು ಬಂದವು. ಸಮಿತಿ ಹದಿನೆಂಟು ಸಭೆ ನಡೆಸಿತು, ಆದರೆ ಬಹುಪಾಲು ಹಿಯರಿಂಗ್‌ಗಳು ಕೆಲವೇ ದಿನಗಳಲ್ಲಿ ಒಂದರ ಬೆನ್ನಿಗೊಂದರಂತೆ ಮುಗಿದವು. ಅವರು ಅನಾರೋಗ್ಯದ ಕಾರಣ ಕೊಟ್ಟು ಸಮಯ ಕೇಳಿದರೂ ಸಮಿತಿ ಅವರ ಗೈರಿನಲ್ಲೇ ಮುಂದುವರಿಯಿತು. ಅವರ ಕೆಲಸ ಹೋಯಿತು. ಬಾಂಬೆ ಹೈಕೋರ್ಟ್ ಅದನ್ನು ಒಪ್ಪಿತು. 2023ರ ಮೇ 12ರಂದು ಸುಪ್ರೀಂ ಕೋರ್ಟ್ ಅಷ್ಟನ್ನೂ ರದ್ದು ಮಾಡಿ, ತನ್ನ ಮಾತು ಹೇಳಿಕೊಳ್ಳಲು ಆತನಿಗೆ ಸಾಕಷ್ಟು ಅವಕಾಶ ಸಿಕ್ಕಿಲ್ಲ, ವಿಚಾರಣೆಯನ್ನು ಸಮಿತಿಯೇ ಮತ್ತೆ ನಡೆಸಲಿ ಎಂದಿತು. ದೂರು ಕೊಟ್ಟಾಗ ಓದುತ್ತಿದ್ದವರು ಹದಿನಾಲ್ಕು ವರ್ಷದ ಮೇಲೆ ಅದೇ ಸಂಗತಿಯನ್ನು ಮೊದಲಿಂದ ಹೇಳಬೇಕಾದ ಸ್ಥಿತಿ. ಆರೋಪಿಗೆ ಕೊಡುವ ನ್ಯಾಯಬದ್ಧ ಅವಕಾಶವನ್ನು ‘ಅವನ ಪರ’ ಎಂದು ತಿಳಿಯುವವರು ಈ ಲೆಕ್ಕವನ್ನು ಗಮನಿಸಬೇಕು. ಸಮಿತಿ ಮಾಡಿದ ಅವಸರದ ಬೆಲೆ ಕಟ್ಟಿದವರಲ್ಲಿ ದೂರುದಾರರೂ ಸೇರಿದ್ದಾರೆ.

ಹಾಗೆಂದು ಎದುರುದಾರ ತಪ್ಪಿಸಿಕೊಂಡೇ ಇರಲಿ ಎಂದೇನೂ ಅಲ್ಲ. ಸಕಾರಣವಿಲ್ಲದೆ ಸತತ ಮೂರು ಹಿಯರಿಂಗ್‌ಗೆ ಬಾರದಿದ್ದರೆ, ಹದಿನೈದು ದಿನದ ಲಿಖಿತ ನೋಟಿಸ್ ಕೊಟ್ಟು ಸಮಿತಿ ಏಕಪಕ್ಷೀಯವಾಗಿ ಮುಗಿಸಬಹುದು. ದೂರುದಾರರು ಬಾರದಿದ್ದರೂ ಇದೇ ಕ್ರಮದಲ್ಲಿ ವಿಚಾರಣೆ ಮುಕ್ತಾಯ ಮಾಡಬಹುದು.

ಆರೋಪಿ ಬೇರೆ ಇಲಾಖೆಯವನಾದರೆ ಯಾರ ಸಮಿತಿ ವಿಚಾರಿಸಬೇಕು ಎಂಬ ಗೊಂದಲ ಬಹಳ ಕಾಲ ಇತ್ತು. ಮಹಿಳೆ ಕೆಲಸ ಮಾಡುವ ಕಡೆಯ ಸಮಿತಿಯೇ ವಿಚಾರಿಸಬಹುದು ಎಂದು 2025ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ವಿಚಾರಣೆ ಮುಗಿಸಲು 90 ದಿನ. ದೂರಿನ ದಿನದಿಂದ ಎಣಿಸಿದರೆ ನಮ್ಮ ಪ್ರಕರಣದಲ್ಲಿ ಆಗಸ್ಟ್ 2. ಸಮಿತಿ ಜುಲೈ 15ಕ್ಕೇ ಮುಗಿಸಿದೆ ಎನ್ನೋಣ. ಈಗ ವರದಿ ಬರೆಯುವ ಹೊತ್ತು. ಇಲ್ಲಿ ಕ್ರಿಮಿನಲ್ ಕೋರ್ಟಿನಂತೆ ಸಂಶಯಕ್ಕೆ ಎಡೆಯಿಲ್ಲದ ಪುರಾವೆ ಬೇಕಿಲ್ಲ. ನಡೆದಿರುವ ಸಂಭವ, ನಡೆಯದಿರುವ ಸಂಭವಕ್ಕಿಂತ ಹೆಚ್ಚೇ ಎಂದು ತೂಗಿದರೆ ಸಾಕು. ಆದರೆ ಮೂರೂ ಆರೋಪಗಳನ್ನು ಒಟ್ಟಿಗೆ ಕಟ್ಟಿ ‘ಸಾಬೀತಾಗಿದೆ’ ಎಂದು ಒಂದು ಸಾಲು ಗೀಚುವಂತಿಲ್ಲ.

ನವೆಂಬರಿನ ಮಾತಿಗೆ ಸಾಕ್ಷಿಯಿಲ್ಲ. ಅಕ್ಕಪಕ್ಕದ ಮಿಷಿನಿನವರು ಸದ್ದಿನಲ್ಲಿ ಏನೂ ಕೇಳಲಿಲ್ಲ ಎಂದಿದ್ದಾರೆ. ಸಮಿತಿ ‘ಸಾಬೀತಾಗಿಲ್ಲ’ ಎಂದು ಬರೆಯುತ್ತದೆ. ಡಿಸೆಂಬರಿನದಕ್ಕೆ ಸ್ಟೋರ್‌ನಲ್ಲಿದ್ದ ಹೆಲ್ಪರ್ ಕೈ ಹಾಕಿದ್ದನ್ನು ನೋಡಲಿಲ್ಲ, ಆದರೆ ಆಕೆ ದಾರದ ಕೋನುಗಳನ್ನು ಅಲ್ಲೇ ಬಿಟ್ಟು ಅಳುತ್ತ ಓಡಿದ್ದನ್ನು, ಹಿಂದೆಯೇ ಇನ್‌ಚಾರ್ಜ್ ಹೊರಬಂದದ್ದನ್ನು ನೋಡಿದ್ದಾರೆ. ಸ್ಟೋರ್ ಇಶ್ಯೂ ಪುಸ್ತಕದಲ್ಲಿ ಆ ದಿನ ದಾರ ಬರೆದಿದೆ, ಪಡೆದವರ ಸಹಿ ಇಲ್ಲ. ಫೆಬ್ರವರಿಯದಕ್ಕೆ ನೋಡಿದವರಿಲ್ಲ. ಆದರೆ ಅದುವರೆಗೆ ಪ್ರತಿ ವಾರ ಓಟಿ ಇದ್ದ ಆಕೆಗೆ ಮುಂದಿನ ವಾರದಿಂದ ಒಂದು ಗಂಟೆಯೂ ಇಲ್ಲ, ಅದೇ ಲೈನಿನ ಉಳಿದವರಿಗೆ ಇದೆ. ಯಾಕೆ ಎಂಬ ಪ್ರಶ್ನೆಗೆ ಅವನ ಬಳಿ ಉತ್ತರವಿರಲಿಲ್ಲ. ಈ ಎರಡೂ ಸಾಬೀತು, ಕಾರಣ ಸಮೇತ. ಒಂದನ್ನು ಕೈಬಿಟ್ಟು ಎರಡನ್ನು ಒಪ್ಪಿದ ಇಂಥ ವರದಿಯನ್ನು ಮೇಲಿನವರು ಮುರಿಯುವುದು ಕಷ್ಟ.

ನವೆಂಬರಿನ ಆರೋಪ ಬಿದ್ದುಹೋಯಿತೆಂದು ‘ಸುಳ್ಳು ದೂರು’ ಎಂದು ಆಕೆಯ ಮೇಲೆ ಕ್ರಮಕ್ಕೆ ಹೊರಡುವಂತಿಲ್ಲ. ಸಾಬೀತು ಮಾಡಲಾಗದ್ದು ಬೇರೆ, ಕೇಡು ಬಗೆದು ಸುಳ್ಳು ಹೇಳಿದ್ದು ಬೇರೆ. ಎರಡನೆಯದನ್ನು ಪ್ರತ್ಯೇಕವಾಗಿ ವಿಚಾರಿಸಿ ಸಾಬೀತುಪಡಿಸಬೇಕೆಂದು ಕಾಯ್ದೆಯೇ ಹೇಳುತ್ತದೆ.

ಸಮಿತಿ ತನ್ನ ನಿಲುವಿನ ಪ್ರತಿಯನ್ನು ಇಬ್ಬರಿಗೂ ಕೊಟ್ಟು ಏನಾದರೂ ಹೇಳುವುದಿದೆಯೇ ಎಂದು ಕೇಳಬೇಕು. ವಿಚಾರಣೆ ಮುಗಿದ ಹತ್ತು ದಿನದೊಳಗೆ ವರದಿ ಮಾಲೀಕನಿಗೆ ಹೋಗಬೇಕು. ಜುಲೈ 24ಕ್ಕೆ ಹೋಯಿತೆಂದರೆ, 60 ದಿನ, ಅಂದರೆ ಸೆಪ್ಟೆಂಬರ್ 22ರೊಳಗೆ ಮಾಲೀಕ ಕ್ರಮ ಕೈಗೊಳ್ಳಬೇಕು. ಲಿಖಿತ ಕ್ಷಮೆಯಿಂದ ಹಿಡಿದು ಇನ್‌ಕ್ರಿಮೆಂಟ್ ತಡೆ, ಕೆಲಸದಿಂದ ವಜಾವರೆಗೆ ಶಿಫಾರಸಿಗೆ ಅವಕಾಶವಿದೆ. ಆಕೆಗೆ ಆದ ಮಾನಸಿಕ ಯಾತನೆ, ಔಷಧಿ ಖರ್ಚು, ಕೈತಪ್ಪಿದ ಅವಕಾಶಗಳನ್ನು ಅವನ ಆದಾಯದ ಜೊತೆ ತೂಗಿ, ಪರಿಹಾರವನ್ನು ಅವನ ಸಂಬಳದಿಂದ ಹಿಡಿಯಬಹುದು. ನಿಂತುಹೋದ ಓಟಿಯ ಹಣವನ್ನು ಇಲ್ಲಿ ಲೆಕ್ಕ ಹಾಕದ ಸಮಿತಿ ಅರ್ಧ ಕೆಲಸ ಮಾಡಿದಂತೆ. ಮಾಲೀಕ ‘ಇನ್ನೊಂದು ಇಲಾಖಾ ವಿಚಾರಣೆ ಮಾಡೋಣ’ ಎಂದು ಎಳೆದಾಡುವ ಹಾಗಿಲ್ಲ. ಶಿಸ್ತುಕ್ರಮದ ಮಟ್ಟಿಗೆ ಸಮಿತಿಯ ವರದಿಯೇ ವಿಚಾರಣಾ ವರದಿ ಎಂದು 2012ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಪೊಲೀಸ್ ದೂರು ಇದರಿಂದ ಬೇರೆ ದಾರಿ. ಸೊಂಟಕ್ಕೆ ಕೈ ಹಾಕಿದ್ದು ಅಪರಾಧವೂ ಹೌದು. ಆಕೆ ಬಯಸಿದರೆ ಠಾಣೆಗೆ ಹೋಗಲು ನೆರವಾಗುವುದು ಮಾಲೀಕನ ಕರ್ತವ್ಯ, ಸಮಿತಿ ಮುಗಿಯಲಿ ಎಂದು ಕಾಯಿಸುವಂತಿಲ್ಲ.

ವರದಿ ಒಪ್ಪದ ಯಾರೇ ಆಗಲಿ 90 ದಿನದೊಳಗೆ ಮೇಲ್ಮನವಿ ಹಾಕಬಹುದು. ನಮ್ಮ ಇನ್‌ಚಾರ್ಜ್ ಹಾಕಿದ್ದಾನೆ ಅನ್ನಿ. ಅಲ್ಲಿ ಅವನ ಕಡೆಯವರು ಮೊದಲು ಕೇಳುವುದು ಫೆಬ್ರವರಿ 20ರಂದು ಏನಾಯಿತು ಎಂದಲ್ಲ. ಸಮಿತಿ ನೇಮಿಸಿದ ಆದೇಶದ ತಾರೀಖು ಯಾವುದು, ಹೊರಗಿನ ಸದಸ್ಯರು ಎಷ್ಟು ಹಿಯರಿಂಗ್‌ಗೆ ಬಂದಿದ್ದರು, ಸಾಕ್ಷಿಗಳ ಹೇಳಿಕೆಯ ಪ್ರತಿ ಅವನಿಗೆ ಕೊಟ್ಟದ್ದಕ್ಕೆ ಸಹಿ ಎಲ್ಲಿದೆ, ಹೊಡೆದುಹಾಕಿದ ಪ್ರಶ್ನೆಗೆ ಕಾರಣ ಬರೆದಿದೆಯೇ ಎಂದು ಕೇಳುತ್ತಾರೆ. ಅಧ್ಯಕ್ಷೆ ತಮ್ಮ ಫೈಲಿನಿಂದ ಈ ನಾಲ್ಕು ಹಾಳೆ ತೆಗೆದಿಟ್ಟ ಮೇಲೆಯೇ ಸ್ಟೋರ್‌ನ ಹೆಲ್ಪರ್ ಹೇಳಿದ ಮಾತಿನ ಸರದಿ ಬರುತ್ತದೆ.